ಸರಿ ಶುರುವಾದ ಮೇಲೆ ಪಾಪುವಿಗೆ ಕಕ್ಕ ಗಟ್ಟಿ: ತಪ್ಪು ರಾಗಿಯದಲ್ಲ

"ನಮ್ಮ ಪಾಪುಗೆ ಏಳು ತಿಂಗಳು ನಡೀತಿದೆ, ತೂಕ ಏಳೂವರೆ ಕೆಜಿ. ಆರು ತಿಂಗಳೂ ಬರೀ ಎದೆಹಾಲು, ಆಗ ದಿನಾ ಎರಡು ಮೂರು ಸಲ ಮೆತ್ತಗೆ ಹೋಗ್ತಿದ್ಲು. ರಾಗಿ ಸರಿ ಶುರು ಮಾಡಿ ಮೂರು ವಾರ ಆಯ್ತು. ಈಗ ನಾಲ್ಕು ದಿನಕ್ಕೊಂದು ಸಲ, ಅದೂ ಮೇಕೆ ಹಿಕ್ಕೆ ಥರ. ಮುಖ ಕೆಂಪಗೆ ಮಾಡ್ಕೊಂಡು ಅಳ್ತಾಳೆ, ಮೊನ್ನೆ ಮೇಲೆ ಒಂದು ಗೆರೆ ರಕ್ತ ಇತ್ತು. ದಿನಕ್ಕೆ ಮೂರು ಸಲ ಸರಿ, ಬಟ್ಟೇಲಿ ಸೋಸಿದ ಹಿಟ್ಟು, ಹಸುವಿನ ಹಾಲಲ್ಲಿ ಮಾಡ್ತೀನಿ. ಸಾಯಂಕಾಲ ಅರ್ಧ ಬಾಳೆಹಣ್ಣು. ಹೊಟ್ಟೆ ತುಂಬಿರುತ್ತೆ ಅಂತ ಹಗಲು ಎದೆಹಾಲು ಅಷ್ಟಾಗಿ ಕುಡಿಯಲ್ಲ. ಅತ್ತೆ ಹರಳೆಣ್ಣೆ ಕುಡಿಸೋಣ ಅಂತಾರೆ, ಪಕ್ಕದ ಮನೆ ಅಜ್ಜಿ ವೀಳ್ಯದೆಲೆ ತೊಟ್ಟು ಇಡು ಅಂತಾರೆ. ಏನ್ ಮಾಡ್ಲಿ?"
(ಚಿಂತಾಮಣಿ ತಾಲ್ಲೂಕಿನ ಒಬ್ಬ ತಾಯಿ)

ಹರಳೆಣ್ಣೆಯೂ ಬೇಡ, ತೊಟ್ಟೂ ಬೇಡ. ಯಾಕೆ ಬೇಡ ಎನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಇದು ನಿಜವಾಗಿ ಮಲಬದ್ಧತೆಯೇ ಎಂದು ನೋಡೋಣ, ಏಕೆಂದರೆ ಈ ವಯಸ್ಸಿನಲ್ಲಿ ಮಲಬದ್ಧತೆ ಎಂದು ಕರೆತರುವ ಎಷ್ಟೋ ಮಕ್ಕಳಿಗೆ ಅದು ಇರುವುದೇ ಇಲ್ಲ.

ಎಷ್ಟು ದಿನಕ್ಕೊಮ್ಮೆ ಹೋಗುತ್ತದೆ ಎನ್ನುವುದು ಮುಖ್ಯವಲ್ಲ, ಹೋದದ್ದು ಹೇಗಿದೆ ಎನ್ನುವುದು ಮುಖ್ಯ. ಬರೀ ಎದೆಹಾಲು ಕುಡಿಯುವ ಮಗು ವಾರಕ್ಕೊಮ್ಮೆ ಹೋದರೂ, ಹೋದದ್ದು ಮೆತ್ತಗಿದ್ದು ಮಗು ಆಟವಾಡಿಕೊಂಡಿದ್ದರೆ ಚಿಂತೆಯಿಲ್ಲ. ಇನ್ನು ಕೆಲವು ಮಕ್ಕಳು ಹತ್ತು ನಿಮಿಷ ಮುಖ ಕೆಂಪಾಗಿಸಿ ತಿಣುಕಿ ಅತ್ತು, ಕೊನೆಗೆ ಹೋಗುವುದು ಮೆತ್ತಗಿನ ಮಲ. ಅದು ಕಾಯಿಲೆಯಲ್ಲ. ಹೊಟ್ಟೆಯನ್ನು ಒತ್ತುವಾಗಲೇ ಗುದದ್ವಾರವನ್ನು ಸಡಿಲ ಬಿಡಬೇಕು ಎನ್ನುವುದನ್ನು ಮಗು ಇನ್ನೂ ಕಲಿಯುತ್ತಿರುತ್ತದೆ. ಒಂಬತ್ತು ತಿಂಗಳ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ.

ನಿಮ್ಮ ಮಗಳ ವಿಷಯ ಹಾಗಲ್ಲ. ಹಿಕ್ಕೆಯಂತೆ ಗಟ್ಟಿ, ನಾಲ್ಕು ದಿನಕ್ಕೊಮ್ಮೆ, ನೋವು, ಮೇಲೊಂದು ಗೆರೆ ರಕ್ತ. ಇದು ಮಲಬದ್ಧತೆಯೇ. ಆದರೆ ಆರು ತಿಂಗಳು ಸರಿಯಾಗಿ ಹೋಗುತ್ತಿದ್ದವಳು ಊಟ ಶುರುವಾದ ಮೇಲೆ ಹೀಗಾಗಿದ್ದಾಳೆ. ಅಂದರೆ ಕಾರಣವನ್ನು ಕರುಳಿನಲ್ಲಿ ಹುಡುಕುವ ಮೊದಲು ಬಟ್ಟಲಿನಲ್ಲಿ ಹುಡುಕಬೇಕು.

ದೊಡ್ಡ ಕರುಳಿನ ಕೆಲಸವೇ ಮಲದಿಂದ ನೀರು ಹೀರುವುದು. ಮಲ ಅಲ್ಲಿ ಎಷ್ಟು ಹೊತ್ತು ಕೂತಿರುತ್ತದೋ ಅಷ್ಟು ಒಣಗುತ್ತದೆ. ಬೇಗ ಮುಂದೆ ಸಾಗಬೇಕಾದರೆ ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಏನಾದರೂ ಇರಬೇಕು. ಎದೆಹಾಲಿನಲ್ಲಿ ಅದಕ್ಕೆಂದೇ ಕೆಲವು ವಿಶೇಷ ಸಕ್ಕರೆಗಳಿವೆ. ಮಗುವಿಗೆ ಅವು ಜೀರ್ಣವಾಗುವುದಿಲ್ಲ. ನೇರವಾಗಿ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ, ಮಲವನ್ನು ಮೆತ್ತಗಿಡುತ್ತವೆ. ಊಟದಲ್ಲಿ ಈ ಕೆಲಸ ಮಾಡುವುದು ನಾರು. ಎದೆಹಾಲು ಕಡಿಮೆಯಾಗಿ, ಅದರ ಜಾಗಕ್ಕೆ ಬಂದ ಊಟದಲ್ಲಿ ನಾರೂ ಇಲ್ಲದಿದ್ದರೆ ಮಲವನ್ನು ಮೆತ್ತಗಿಡಲು ಏನೂ ಉಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ.

ಈಗ ಸರಿಯ ವಿಷಯಕ್ಕೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಮಗುವಿನ ಮೊದಲ ಊಟ ಎಂದರೆ ಬಹುತೇಕ ರಾಗಿ ಸರಿಯೇ. ಒಳ್ಳೆಯ ಊಟ, ಅದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. "ರಾಗಿ ಉಷ್ಣ, ಅದಕ್ಕೇ ಗಟ್ಟಿಯಾಯ್ತು" ಎಂದು ರಾಗಿಯನ್ನು ನಿಲ್ಲಿಸಿ ಅಂಗಡಿಯ ಅಕ್ಕಿ ಪುಡಿಗೆ ಹೋಗುವವರಿದ್ದಾರೆ. ಅದರಿಂದ ಸಮಸ್ಯೆ ಕಡಿಮೆಯಾಗುವುದಿಲ್ಲ, ಹೆಚ್ಚಾಗಬಹುದು. ನೂರು ಗ್ರಾಂ ಇಡೀ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಕಾಲುಭಾಗದಷ್ಟು ಮಾತ್ರ. ಹಾಗಾದರೆ ರಾಗಿ ತಿಂದ ಮಗುವಿಗೇಕೆ ಗಟ್ಟಿಯಾಗಬೇಕು? ಉತ್ತರ ನೀವೇ ಬರೆದಿದ್ದೀರಿ: ಬಟ್ಟೆಯಲ್ಲಿ ಸೋಸಿದ ಹಿಟ್ಟು.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ಕೊನೆಗೆ ತೆಳು ಪಂಚೆಯಲ್ಲಿ ಸೋಸುತ್ತೇವೆ. ಬಟ್ಟೆಯ ಮೇಲೆ ಉಳಿಯುವ ಕಂದು ತೌಡನ್ನು ಹಸುವಿನ ಕಲಗಚ್ಚಿಗೆ ಹಾಕುತ್ತೇವೆ. ನಾರಿನ ಹೆಚ್ಚಿನ ಪಾಲು ಆ ತೌಡಿನಲ್ಲೇ ಇರುತ್ತದೆ. ಬಟ್ಟೆಯಿಂದ ಕೆಳಗೆ ಬೀಳುವ ನಯವಾದ ಪುಡಿ ಬಹುಮಟ್ಟಿಗೆ ಪಿಷ್ಟ. ಪಿಷ್ಟ ಸಣ್ಣ ಕರುಳಿನಲ್ಲೇ ಕರಗಿ ರಕ್ತಕ್ಕೆ ಸೇರುತ್ತದೆ, ದೊಡ್ಡ ಕರುಳಿಗೆ ಹೆಚ್ಚೇನೂ ತಲುಪುವುದಿಲ್ಲ. ತಲುಪಿದ ಸ್ವಲ್ಪವೇ ನಾಲ್ಕು ದಿನ ಕೂತು ಒಣಗಿ ಹಿಕ್ಕೆಯಾಗುತ್ತದೆ.

ಹಿರಿಯರು ಬಟ್ಟೆಯಲ್ಲಿ ಸೋಸುತ್ತಿದ್ದುದಕ್ಕೂ ಕಾರಣವಿದೆ. ಹಿಂದೆ ಮೂರು ನಾಲ್ಕು ತಿಂಗಳಿಗೇ ಸರಿ ತಿನ್ನಿಸುತ್ತಿದ್ದರು, ಬೀಸುಕಲ್ಲಿನ ಹಿಟ್ಟು ತರಿಯಾಗಿರುತ್ತಿತ್ತು. ಅಷ್ಟು ಸಣ್ಣ ಮಗುವಿಗೆ ನಯ ಬೇಕಿತ್ತು. ಆರು ತಿಂಗಳು ತುಂಬಿದ ಮಗುವಿಗೆ, ಮಿಲ್‌ನಲ್ಲಿ ನುಣ್ಣಗೆ ಬೀಸಿದ ಹಿಟ್ಟಿಗೆ, ಸಣ್ಣ ಕಣ್ಣಿನ ಜರಡಿ ಸಾಕು. ಹಾಗೆಂದು ಈಗ ಸೋಸಿ ತೆಗೆದ ತೌಡನ್ನೇ ತಂದು ಚಮಚಗಟ್ಟಲೆ ಬೆರೆಸಬೇಡಿ. ಅತಿಯಾದ ತೌಡು ಕಬ್ಬಿಣ ಹೀರಿಕೆಗೆ ಅಡ್ಡಿ, ನೀರು ಸಾಲದ ಮಗುವಿನಲ್ಲಿ ಹೊಟ್ಟೆಯನ್ನೂ ಬಿಗಿಯುತ್ತದೆ. ಜರಡಿ ಹಿಡಿದ ಹಿಟ್ಟಿನಲ್ಲಿ ಉಳಿಯುವ ನಾರು ಸಾಕು, ಮಿಕ್ಕದ್ದು ಸೊಪ್ಪು, ಹಣ್ಣು, ಬೇಳೆಯಿಂದ ಬರಲಿ.

ಎರಡನೆಯದು ಹಸುವಿನ ಹಾಲು. ವರ್ಷ ತುಂಬುವವರೆಗೆ ಅದನ್ನು ಮಗುವಿನ ಮುಖ್ಯ ಹಾಲಾಗಿ ಕೊಡಬಾರದು. ಅದರಲ್ಲಿ ಕಬ್ಬಿಣ ತೀರಾ ಕಡಿಮೆ, ಕೆಲವು ಮಕ್ಕಳಲ್ಲಿ ಅದು ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಸೋರಿಸುತ್ತದೆ. ಹೆಚ್ಚು ಹಸುವಿನ ಹಾಲು ಕುಡಿಯುವ ಮಕ್ಕಳಲ್ಲಿ ಮಲ ಗಟ್ಟಿಯಾಗುವುದು ಸಾಮಾನ್ಯವಾಗಿ ಕಾಣುವ ಸಂಗತಿ. ನಿಮ್ಮ ಮಗಳಲ್ಲಿ ಇನ್ನೂ ಒಂದು ಎಡವಟ್ಟಾಗಿದೆ: ಮೂರು ಹೊತ್ತು ಹಾಲಿನ ಸರಿ ತಿಂದು ಹೊಟ್ಟೆ ಭಾರವಾಗಿ ಎದೆಹಾಲು ಬಿಡುತ್ತಿದ್ದಾಳೆ. ಈ ವಯಸ್ಸಿನಲ್ಲಿ ಊಟ ಎದೆಹಾಲಿನ ಜೊತೆಗೆ ಸೇರಬೇಕು, ಅದರ ಜಾಗ ಕಸಿಯಬಾರದು. ಏಳು ತಿಂಗಳ ಮಗುವಿಗೆ ದಿನಕ್ಕೆ ಎರಡರಿಂದ ಮೂರು ಊಟ. ಶುರುವಿಗೆ ಎರಡು ಮೂರು ದೊಡ್ಡ ಚಮಚ, ಕ್ರಮೇಣ ಅರ್ಧ ಬಟ್ಟಲು, ಅಂದರೆ 125 ಎಂ.ಎಲ್. ಸಾಕು. ಉಳಿದದ್ದೆಲ್ಲ ಎದೆಹಾಲು.

ಬಾಳೆಹಣ್ಣನ್ನೂ ಸುಮ್ಮನೆ ದೂರುತ್ತಾರೆ. ಯಾಲಕ್ಕಿ ಬಾಳೆಯೋ ಪಚ್ಚಬಾಳೆಯೋ, ಪೂರ್ತಿ ಹಣ್ಣಾಗಿ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿದ್ದರೆ ತೊಂದರೆಯಿಲ್ಲ. ತೊಟ್ಟಿನ ಹತ್ತಿರ ಇನ್ನೂ ಹಸಿರಿದ್ದು ತಿಂದರೆ ನಾಲಿಗೆ ಒಗರೆನ್ನುವ ಕಾಯಿಹಣ್ಣು ಬೇಡ. ಆ ಒಗರೇ ಕರುಳನ್ನು ಬಿಗಿಯುವುದು. ಸದ್ಯಕ್ಕೆ ಎರಡು ವಾರ ಬಾಳೆಯ ಜಾಗದಲ್ಲಿ ಪಪ್ಪಾಯಿ ಕೊಡಿ, ಆಮೇಲೆ ಮತ್ತೆ ಕೊಡಬಹುದು.

ಒಗರಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನೀವು ಬರೆದಿಲ್ಲ, ಆದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸ್ನಾನದ ದಿನ ಬಜೆ, ಜಾಯಿಕಾಯಿ, ಮಾಚಿಕಾಯಿ ತೇಯ್ದು ನೆಕ್ಕಿಸುವ ರೂಢಿಯಿದೆ. ಮಾಚಿಕಾಯಿ ತುಂಬ ಒಗರಿನದು, ಭೇದಿ ನಿಲ್ಲಿಸಲು ಬಳಸುತ್ತಿದ್ದ ವಸ್ತು. ಮಲ ಗಟ್ಟಿಯಾದ ಮಗುವಿಗೆ ಅದನ್ನು ಕೊಡುವುದೆಂದರೆ ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದಂತೆ. ಬಜೆಯಿಂದ ವಾಂತಿ, ಮಂಪರು ಬರುವುದುಂಟು. ಎರಡೂ ನಿಲ್ಲಲಿ.

ಇನ್ನು ಸರಿ ಮಾಡುವ ಬಗೆ. ಎರಡು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ಜರಡಿ ಹಿಡಿದ ಮೊಳಕೆ ರಾಗಿ ಹಿಟ್ಟನ್ನು ದೊಡ್ಡ ಲೋಟದ ಮುಕ್ಕಾಲು, ಸುಮಾರು 150 ಎಂ.ಎಲ್. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಬಿಸಿ ನೀರಿಗೆ ಹಿಟ್ಟು ಹಾಕಬೇಡಿ. ತಣ್ಣೀರಿನಿಂದ ಶುರುಮಾಡಿ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿಯಾದರೆ ಮೊಳಕೆಯಲ್ಲಿ ಹುಟ್ಟಿದ ಕಿಣ್ವಕ್ಕೆ ಪಿಷ್ಟವನ್ನು ಒಡೆಯಲು ಸಮಯ ಸಿಗುತ್ತದೆ, ಸರಿ ಅಂಟಂಟಾಗುವುದಿಲ್ಲ. ಒಣಗಿಸಿದ ಮೊಳಕೆಯನ್ನು ಕಪ್ಪಾಗುವಷ್ಟು ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ. ಘಮ ಬಂದೊಡನೆ ಇಳಿಸುವುದು ಅದಕ್ಕೇ. ಕೈ ಬಿಡದೆ ತಿರುವುತ್ತ ಏಳೆಂಟು ನಿಮಿಷ ಬೇಯಿಸಿ, ಹಸಿ ವಾಸನೆ ಹೋಗಬೇಕು. ಇಳಿಸಿ, ಅರ್ಧ ಚಿಕ್ಕ ಚಮಚ ತುಪ್ಪ ಬೆರೆಸಿ. ಚಮಚ ಓರೆ ಮಾಡಿದರೆ ಸರಿ ನಿಧಾನಕ್ಕೆ ಜಾರಬೇಕು. ನೀರಿನಂತೆ ಸುರಿದರೆ ಹಿಟ್ಟು ಸಾಲದು, ಮುದ್ದೆಯಂತೆ ಕೂತರೆ ನೀರು ಸಾಲದು.

"ಗಟ್ಟಿಯಾಗ್ತಿದೆ ಅಂತ ಸರಿ ತೆಳ್ಳಗೆ ಮಾಡು" ಎಂದು ಹೇಳುವವರಿದ್ದಾರೆ. ಅತಿ ತೆಳ್ಳಗಾದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ಮಗುವಿನ ತೂಕ ನಿಲ್ಲುತ್ತದೆ. ಗಟ್ಟಿ ಮಲಕ್ಕೆ ತೆಳು ಸರಿ ಮದ್ದಲ್ಲ. ತುಪ್ಪವೂ ಹಾಗೆಯೇ. ಶಕ್ತಿ ಕೊಡುತ್ತದೆ, ರುಚಿ ಕೊಡುತ್ತದೆ, ಹಾಕಿ. ಆದರೆ ಚಮಚ ಚಮಚ ತುಪ್ಪ ಸುರಿದರೆ ಕರುಳು ಜಾರುತ್ತದೆ ಎನ್ನುವುದು ಬರೀ ನಂಬಿಕೆ.

ಮಲವನ್ನು ಮೆತ್ತಗೆ ಮಾಡುವುದು ಹಣ್ಣು. ಕೆಲವು ಹಣ್ಣುಗಳಲ್ಲಿ ಸಾರ್ಬಿಟಾಲ್ ಎಂಬ ಒಂದು ಬಗೆಯ ಸಕ್ಕರೆ ಇದೆ. ಅದು ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ನೀರನ್ನು ತನ್ನೆಡೆಗೆ ಎಳೆಯುತ್ತದೆ. ಮರಸೇಬು, ಅಂದರೆ ಪೇರ್ ಹಣ್ಣಿನಲ್ಲಿ ಇದು ಚೆನ್ನಾಗಿದೆ. ಸಿಪ್ಪೆ ತೆಗೆದು, ಬೇಯಿಸಿ, ಹಿಸುಕಿ ಎರಡು ದೊಡ್ಡ ಚಮಚ ಕೊಡಬಹುದು. ಹಳ್ಳಿಯಲ್ಲಿ ಮರಸೇಬು ಸಿಗದಿದ್ದರೆ ಪಪ್ಪಾಯಿ ಇದೆ, ಪೂರ್ತಿ ಹಣ್ಣಾದದ್ದು. ಬೀಜದ ಜೊತೆ ಒಳಗಿನ ತೆಳು ಪೊರೆಯನ್ನೂ ಕೆರೆದು, ಎರಡು ದೊಡ್ಡ ಚಮಚ ಹಿಸುಕಿ ದಿನಕ್ಕೆ ಒಮ್ಮೆ.

ಒಣದ್ರಾಕ್ಷಿ ನೀರು ಅಜ್ಜಿಯರ ಮದ್ದು, ಇದು ನಾನೂ ಒಪ್ಪುವ ಮದ್ದು. ಬೀಜವಿಲ್ಲದ ಕಪ್ಪು ಒಣದ್ರಾಕ್ಷಿ ಎಂಟು ಹತ್ತು ತೆಗೆದುಕೊಂಡು ಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆಯಿರಿ. ಕುದಿಸಿದ ನೀರು ಅರ್ಧ ಕಾಫಿ ಲೋಟ, ಸುಮಾರು 50 ಎಂ.ಎಲ್. ಬಿಸಿಯಾಗಿರುವಾಗಲೇ ಅವುಗಳ ಮೇಲೆ ಸುರಿದು ಮುಚ್ಚಿ ನಾಲ್ಕು ಗಂಟೆ ಬಿಡಿ. ಬೇಸಿಗೆಯಲ್ಲಿ ರಾತ್ರಿಯಿಡೀ ಹೊರಗಿಟ್ಟರೆ ಹುಳಿಯುತ್ತದೆ, ಹಗಲಲ್ಲೇ ನೆನೆಸಿ. ಚೆನ್ನಾಗಿ ಕಿವುಚಿ ಟೀ ಸೋಸುವ ಜಾಲರಿಯಲ್ಲಿ ಸೋಸಿ. ಮೊದಲ ದಿನ ಎರಡು ಚಿಕ್ಕ ಚಮಚ, ಹೊಟ್ಟೆಗೆ ಒಗ್ಗಿದರೆ ಮರುದಿನದಿಂದ ನಾಲ್ಕು ಚಿಕ್ಕ ಚಮಚ, ಅಂದರೆ 20 ಎಂ.ಎಲ್. ಇದಕ್ಕೆ ಸಕ್ಕರೆ, ಬೆಲ್ಲ ಹಾಕಬೇಡಿ. ಇಡೀ ದ್ರಾಕ್ಷಿಯನ್ನು ಮಗುವಿನ ಬಾಯಿಗೆ ಹಾಕಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೆಚ್ಚು ಕೊಟ್ಟರೆ ಹೊಟ್ಟೆಯುಬ್ಬರ, ನೀರಾದ ಮಲ ಬರುತ್ತದೆ. ಬಂದರೆ ಅರ್ಧಕ್ಕೆ ಇಳಿಸಿ.

ಜೇನುತುಪ್ಪ ಮಾತ್ರ ವರ್ಷ ತುಂಬುವವರೆಗೆ ಒಂದು ತೊಟ್ಟೂ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಮಗುವಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ. ಆ ಕಾಯಿಲೆಯ ಮೊದಲ ಲಕ್ಷಣವೇ ಮಲಬದ್ಧತೆ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಅಳು ಕ್ಷೀಣವಾಗುತ್ತದೆ, ಕತ್ತು ನಿಲ್ಲುವುದಿಲ್ಲ.

ನೀರಿನ ವಿಷಯದಲ್ಲಿ ಎರಡು ಮಾತು. ಊಟ ಶುರುವಾದ ಮೇಲೆ ದಿನಕ್ಕೆ ಒಟ್ಟು 60ರಿಂದ 120 ಎಂ.ಎಲ್. ನೀರು, ಊಟದ ನಡುನಡುವೆ ಚಮಚದಲ್ಲಿ ಕೊಡಿ. ಅದಕ್ಕಿಂತ ಹೆಚ್ಚು ಕುಡಿಸಿದರೆ ಎದೆಹಾಲು ಕಡಿಮೆಯಾಗುತ್ತದೆಯೇ ಹೊರತು ಮಲ ಮೆತ್ತಗಾಗುವುದಿಲ್ಲ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೋಗುತ್ತಿದ್ದು ಬಣ್ಣ ತಿಳಿಯಾಗಿದ್ದರೆ ನೀರು ಸಾಕಾಗುತ್ತಿದೆ. ಇನ್ನೊಂದು, ನಮ್ಮ ಮೂರು ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಸಾಂದ್ರವಾಗುತ್ತದೆ. ಮಗುವಿನ ಸರಿಗೂ ಕುಡಿಯಲಿಕ್ಕೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತಂದು, ಒಮ್ಮೆ ಕುದಿಸಿ ಆರಿಸಿ ಬಳಸಿ.

ಇಷ್ಟನ್ನೂ ಸೇರಿಸಿ ನಿಮ್ಮ ಮಗಳ ದಿನವನ್ನು ಹೀಗೆ ಬದಲಿಸಿ. ಬೆಳಗ್ಗೆ ಎದ್ದೊಡನೆ ಎದೆಹಾಲು. ಎಂಟೂವರೆ ಹೊತ್ತಿಗೆ ರಾಗಿ ಸರಿ, ನೀರಿನಲ್ಲಿ ಮಾಡಿದ್ದು, ಅರ್ಧ ಬಟ್ಟಲು. ದಿನಕ್ಕೆ ಸರಿ ಇದೊಂದೇ ಸಲ. ಹತ್ತೂವರೆಗೆ ಎದೆಹಾಲು, ಮಲಗಲಿ. ಹನ್ನೆರಡೂವರೆಗೆ ಒಂದು ದೊಡ್ಡ ಚಮಚ ಅಕ್ಕಿ, ಒಂದು ದೊಡ್ಡ ಚಮಚ ತೊಗರಿಬೇಳೆ, ಎಳೆಯ ದಂಟಿನ ಸೊಪ್ಪಿನ ಅಥವಾ ಪಾಲಕ್‌ನ ಏಳೆಂಟು ಎಲೆ ಸೇರಿಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಸೌಟಿನಿಂದ ಮಸೆದು, ಅರ್ಧ ಚಮಚ ತುಪ್ಪ ಹಾಕಿ ಕೊಡಿ. ಇಲ್ಲಿ ಸೋಸಬೇಡಿ. ನಮ್ಮಲ್ಲಿ ಬೇಳೆ ಕಟ್ಟು ತೆಗೆದು ಅದನ್ನಷ್ಟೇ ಮಗುವಿಗೆ ಕೊಟ್ಟು, ಬೇಳೆಯನ್ನು ದೊಡ್ಡವರ ಸಾರಿಗೆ ಹಾಕುವ ಅಭ್ಯಾಸ. ಕಟ್ಟಿನಲ್ಲಿ ನೀರು, ಉಪ್ಪು, ಸ್ವಲ್ಪ ರುಚಿ ಬಿಟ್ಟರೆ ಹೆಚ್ಚೇನಿಲ್ಲ. ನಾರು, ಪ್ರೋಟೀನ್ ಎರಡೂ ಬೇಳೆಯಲ್ಲೇ ಉಳಿದಿರುತ್ತವೆ. ಮಧ್ಯಾಹ್ನ ಎರಡೂವರೆಗೆ ಎದೆಹಾಲು. ನಾಲ್ಕೂವರೆಗೆ ಪಪ್ಪಾಯಿ ಅಥವಾ ಮರಸೇಬು. ಆರೂವರೆಗೆ ಹಸಿವಿದ್ದರೆ ಬೇಯಿಸಿದ ಗೆಣಸನ್ನು ಎದೆಹಾಲು ಬೆರೆಸಿ ಹಿಸುಕಿ ಮೂರು ದೊಡ್ಡ ಚಮಚ. ರಾತ್ರಿ ಎಂದಿನಂತೆ ಎದೆಹಾಲು. ಹಸುವಿನ ಹಾಲು ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಎಲ್ಲವನ್ನೂ ಒಂದೇ ದಿನ ಶುರುಮಾಡಬೇಡಿ: ಮೊದಲ ಮೂರು ದಿನ ಹಣ್ಣು ಮತ್ತು ಎದೆಹಾಲು ಹೆಚ್ಚಿಸಿ, ಹಸುವಿನ ಹಾಲು ಬಿಡಿಸಿ. ಆ ದಿನಗಳಲ್ಲಿ ಹೊಟ್ಟೆಗೆ ಸಾಲದಿದ್ದರೆ ಸಂಜೆಯೂ ನೀರಿನ ಸರಿ ಕೊಡಿ. ನಾಲ್ಕನೇ ದಿನ ಬೇಳೆ ಅನ್ನ, ಏಳನೇ ದಿನ ಸೊಪ್ಪು, ಹತ್ತನೇ ದಿನ ಗೆಣಸು. ಯಾವುದು ಒಗ್ಗಲಿಲ್ಲ ಎಂದು ಆಗ ತಿಳಿಯುತ್ತದೆ.

ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ಹಾಕುತ್ತಿದ್ದರೆ ಅದನ್ನು ನಿಲ್ಲಿಸಬೇಡಿ. ವಾರಕ್ಕೆ ಎರಡು ಸಲ ಒಂದೊಂದು ಎಂ.ಎಲ್. ಎನ್ನುವುದು ಚಿಕ್ಕ ಪ್ರಮಾಣ, ಹಿಕ್ಕೆಯಾಗಲು ಅದು ಕಾರಣವಾಗುವುದು ಅಪರೂಪ. ಮಲ ಕಪ್ಪಗೋ ಕಡು ಹಸಿರೋ ಆಗುತ್ತದೆ, ಅದು ರಕ್ತವಲ್ಲ.

ಊಟದ ಬದಲಾವಣೆ ಫಲ ಕೊಡಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಹೊರಗಿನಿಂದ ಕೈಯಾಸರೆ ಕೊಡಬಹುದು. ತಿಂದು ಮುಕ್ಕಾಲು ಗಂಟೆಯ ಮೇಲೆ ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಮೂರು ಬೆರಳಿನಿಂದ ಹೊಟ್ಟೆಯನ್ನು ಮೆಲ್ಲಗೆ ತೀಡಿ. ಮಗುವಿನ ಬಲಗಡೆ ಕೆಳಗಿನಿಂದ ಮೇಲಕ್ಕೆ, ಹೊಕ್ಕುಳಿನ ಮೇಲ್ಗಡೆ ಅಡ್ಡಕ್ಕೆ, ಎಡಗಡೆ ಮೇಲಿನಿಂದ ಕೆಳಕ್ಕೆ. ದೊಡ್ಡ ಕರುಳು ಸಾಗುವ ದಾರಿಯೇ ಅದು. ನಿಮಗೆ ಎದುರಾಗಿ ಮಲಗಿದ ಮಗುವಿನ ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕು ಅದೇ. ಐದು ನಿಮಿಷ ಸಾಕು. ಆಮೇಲೆ ಎರಡು ಕಾಲನ್ನೂ ಸೈಕಲ್ ತುಳಿಸಿದಂತೆ ಹದಿನೈದು ಸಲ ಆಡಿಸಿ.

ಅಜ್ಜಿಯರ ಒಂದು ಪದ್ಧತಿಯನ್ನು ಮಾತ್ರ ಮನೆಮನೆಯಲ್ಲೂ ಉಳಿಸಿಕೊಳ್ಳಬೇಕು: ನೆಲದ ಮೇಲೆ ಕಾಲು ಚಾಚಿ ಕೂತು, ಎರಡು ಪಾದಗಳ ನಡುವೆ ಮಗುವನ್ನು ಕೂರಿಸಿ, ಬೆನ್ನಿಗೆ ತಮ್ಮ ಕಾಲಿನ ಆಸರೆ ಕೊಟ್ಟು ಕಕ್ಕ ಮಾಡಿಸುವುದು. ಆಗ ಮಗುವಿನ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಮಲಗಿದಾಗ ಗುದದ ಹತ್ತಿರ ಕರುಳು ಮಡಚಿಕೊಂಡಿರುತ್ತದೆ, ಕುಕ್ಕರುಗಾಲಿನಲ್ಲಿ ಆ ಮಡಿಕೆ ನೇರವಾಗುತ್ತದೆ. ದಿನವಿಡೀ ಡೈಪರ್‌ನಲ್ಲಿ ಮಲಗಿಯೇ ಹೋಗುವ ಮಗು ತಿಣುಕುವುದು ಹೆಚ್ಚು. ಊಟವಾದ ಹತ್ತು ಹದಿನೈದು ನಿಮಿಷಕ್ಕೆ ಕರುಳು ತಾನಾಗಿ ಕದಲುತ್ತದೆ. ಆ ಹೊತ್ತಿಗೆ ಮೂರು ನಾಲ್ಕು ನಿಮಿಷ ಕೂರಿಸಿ, ಆಗದಿದ್ದರೆ ಎತ್ತಿಕೊಳ್ಳಿ. ಒತ್ತಾಯ ಮಾಡಬೇಡಿ.

ಆ ಗೆರೆ ರಕ್ತ ಗಟ್ಟಿ ಮಲ ಹೊರಬರುವಾಗ ಆದ ಸಣ್ಣ ಬಿರುಕಿನದು. ತಿಳಿ ಕೆಂಪಾಗಿ ಮಲದ ಹೊರಮೈಗೆ ಮಾತ್ರ ಅಂಟಿದ್ದರೆ ಅದೇ ಗುರುತು. ಬಿರುಕಿನ ತೊಂದರೆ ಏನೆಂದರೆ, ನೋವಿಗೆ ಹೆದರಿ ಮಗು ಮಲ ತಡೆಯುತ್ತದೆ. ಕಾಲು ನೆಟ್ಟಗೆ ಮಾಡಿ, ಬೆನ್ನು ಸೆಟೆಸಿ, ಕುಂಡೆ ಬಿಗಿದುಕೊಳ್ಳುತ್ತದೆ. ನೋಡುವವರಿಗೆ ತಿಣುಕುತ್ತಿದೆ ಅನ್ನಿಸುತ್ತದೆ, ನಿಜಕ್ಕೂ ತಡೆಯುತ್ತಿರುತ್ತದೆ. ತಡೆದದ್ದು ಇನ್ನೂ ಒಣಗಿ ದಪ್ಪವಾಗುತ್ತದೆ, ಮುಂದಿನ ಸಲ ಬಿರುಕು ಮತ್ತೆ ಬಾಯಿಬಿಡುತ್ತದೆ. ಆದ್ದರಿಂದ ಪ್ರತಿ ಸಲ ಹೋದ ಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸದೆ ಒತ್ತಿ ಒಣಗಿಸಿ, ಹೊರಗಡೆ ಮಾತ್ರ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ವಾರ ಹತ್ತು ದಿನ ಮೆತ್ತಗೆ ಹೋದರೆ ತಾನೇ ಕೂಡಿಕೊಳ್ಳುತ್ತದೆ.

ವೀಳ್ಯದೆಲೆ ತೊಟ್ಟು, ಸೋಪಿನ ಚೂರು ಇಡುವುದು ಇದೇ ಕಾರಣಕ್ಕೆ ಬೇಡ. ಇಟ್ಟರೆ ಒಂದು ಸಲ ಹೋಗುತ್ತದೆ, ನಿಜ. ಆದರೆ ಇರುವ ಬಿರುಕನ್ನು ತೊಟ್ಟು ಕೆದಕುತ್ತದೆ, ಸೋಪು ಉರಿಸುತ್ತದೆ, ಒಳಗೆ ಮುಂದಿನ ಮಲ ಗಟ್ಟಿಯಾಗಿಯೇ ಇರುತ್ತದೆ. ಹರಳೆಣ್ಣೆಯೂ ಮಲವನ್ನು ಮೆತ್ತಗೆ ಮಾಡುವುದಿಲ್ಲ. ಸಣ್ಣ ಕರುಳನ್ನು ಕೆರಳಿಸಿ ನುಲಿತ ತರುತ್ತದೆ, ನೀರಾಗಿ ಭೇದಿ ಮಾಡಿಸುತ್ತದೆ. ಏಳೂವರೆ ಕೆಜಿಯ ಮಗುವಿನಲ್ಲಿ ಎರಡು ಮೂರು ಭೇದಿಗೇ ನೀರು ಕಡಿಮೆಯಾಗುತ್ತದೆ. ಎರಡು ದಿನದ ಮೇಲೆ ಬರುವ ಮಲ ಮೊದಲಿಗಿಂತ ಗಟ್ಟಿ. ಅಳುವ ಮಗುವಿನ ಬಾಯಿಗೆ ಎಣ್ಣೆ ಹಾಕಿದಾಗ ಅದು ಶ್ವಾಸಕೋಶಕ್ಕೆ ಇಳಿದರೆ ಬರುವ ನ್ಯುಮೋನಿಯಾ ಸುಲಭಕ್ಕೆ ವಾಸಿಯಾಗದು. ಅತ್ತೆಯವರಿಗೆ ಇದನ್ನು ಹೇಳಿ, ಒಣದ್ರಾಕ್ಷಿ ನೀರು ಮಾಡುವ ಕೆಲಸವನ್ನು ಅವರಿಗೇ ವಹಿಸಿ. ಕಾಲ ಮೇಲೆ ಕೂರಿಸುವುದೂ ನಮಗಿಂತ ಅವರಿಗೇ ಚೆನ್ನಾಗಿ ಬರುತ್ತದೆ.

ಸರಿಹೋಗುತ್ತಿದೆ ಎಂದು ಗೊತ್ತಾಗುವುದು ಹೀಗೆ: ಮೊದಲು ಬದಲಾಗುವುದು ಗಟ್ಟಿತನ, ಎಷ್ಟು ಸಲ ಎನ್ನುವುದು ಆಮೇಲೆ. ಹಿಕ್ಕೆ ಒಂದಕ್ಕೊಂದು ಅಂಟಿ ಬಿರುಕುಬಿಟ್ಟ ಉಂಡೆಯಾಗುತ್ತದೆ, ಆಮೇಲೆ ನಯವಾದ ಬತ್ತಿಯಾಗುತ್ತದೆ. ಕ್ಯಾಲೆಂಡರಿನಲ್ಲಿ ಹೋದ ದಿನದ ಪಕ್ಕ ಗ, ಮ ಎಂದು ಗುರುತು ಹಾಕಿಕೊಳ್ಳಿ. ಎರಡು ದಿನಕ್ಕೊಮ್ಮೆ ಮೆತ್ತಗೆ ಅಳದೆ ಹೋದರೆ ಗೆದ್ದಂತೆ, ದಿನಾ ಹೋಗಲೇಬೇಕು ಎಂದಿಲ್ಲ.

ಹಣ್ಣು ಶುರುಮಾಡಿ ಮೂರು ದಿನವಾದರೂ ಒಮ್ಮೆಯೂ ಹೋಗದಿದ್ದರೆ, ಅಥವಾ ಎರಡು ವಾರದ ಮೇಲೂ ಹಿಕ್ಕೆಯೇ ಆಗಿದ್ದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಿ. ಒಳಗೆ ಕೂತಿರುವ ಗಟ್ಟಿ ಉಂಡೆಯನ್ನು ಊಟದಿಂದ ಮಾತ್ರ ಕರಗಿಸಲಾಗದು, ಲ್ಯಾಕ್ಟುಲೋಸ್‌ನಂಥ ಸಿರಪ್ ಬೇಕಾಗಬಹುದು. ಅದರ ಪ್ರಮಾಣ ತೂಕ ನೋಡಿ ಅವರೇ ಹೇಳಬೇಕು. ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ನಾಲ್ಕೇ ದಿನಕ್ಕೆ ನಿಲ್ಲಿಸಬೇಡಿ. ಬಿರುಕು ಮಾಯುವ ಮೊದಲೇ ನಿಲ್ಲಿಸಿದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ಹಸುವಿನ ಹಾಲು ಒಗ್ಗದಿರುವುದೇ ಕಾರಣವೇ ಎಂಬುದನ್ನೂ ಅವರು ನೋಡುತ್ತಾರೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವ ಮಾತೇ ಇಲ್ಲ: ಹಸಿರು ವಾಂತಿ, ತಮಟೆಯಂತೆ ಬಿಗಿದ ಹೊಟ್ಟೆ, ಮಲದೊಳಗೇ ಬೆರೆತ ರಕ್ತ ಅಥವಾ ಕೆಂಪು ಲೋಳೆ, ಬಿಟ್ಟು ಬಿಟ್ಟು ಕಿರುಚಿ ಅತ್ತು ನಡುವೆ ಸುಸ್ತಾಗಿ ಬೀಳುವುದು, ಜ್ವರ, ಹಾಲು ಕುಡಿಯುವುದನ್ನೇ ಪೂರ್ತಿ ನಿಲ್ಲಿಸುವುದು. ಇವುಗಳಲ್ಲಿ ಒಂದಿದ್ದರೂ ಆ ರಾತ್ರಿಯೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನು, ಹುಟ್ಟಿದ ಮೊದಲ ಎರಡು ದಿನದೊಳಗೆ ಕಪ್ಪು ಕಕ್ಕ ಹೋಗಿತ್ತೇ ಎಂದು ನಿಮ್ಮ ಅಮ್ಮನನ್ನು ಕೇಳಿ ನೆನಪು ಮಾಡಿಕೊಳ್ಳಿ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲಕ್ಕೆ ಹೋಗುತ್ತಿದೆಯೇ ನೋಡಿ. ಕಪ್ಪು ಕಕ್ಕ ತಡವಾಗಿದ್ದರೆ, ತೂಕ ನಿಂತಿದ್ದರೆ, ಮಗು ಸದಾ ಮಂಕಾಗಿದ್ದು ಮೈ ಒಣಗಿ ನಾಲಿಗೆ ದಪ್ಪವಿದ್ದರೆ, ಬೆನ್ನಿನ ಕೆಳಗೆ ಕುಳಿಯೋ ಕೂದಲ ಗೊಂಚಲೋ ಕಂಡರೆ ಅದು ಬಟ್ಟಲಿನ ಸಮಸ್ಯೆಯಲ್ಲ. ಆಗ ಮೇಲಿನ ಯಾವುದನ್ನೂ ಪ್ರಯತ್ನಿಸುತ್ತ ಕೂರದೆ ಮೊದಲು ತಜ್ಞರಿಗೆ ತೋರಿಸಿ.